ಹೋದ ದುಡ್ಡು, ಬಾರದ ಬಾಡಿಗೆ

ಬೆಂಗಳೂರಿನ ಒಂದು ಕಂಪನಿಯಲ್ಲಿ ಫೈನಾನ್ಸ್ ಕೆಲಸ ನನ್ನದು. ಹೊಸ ಪ್ರಾಜೆಕ್ಟಿಗೆ ದುಡ್ಡು ಹಾಕಬಹುದಾ, ಬೇಡವಾ ಅಂತ ಲೆಕ್ಕ ಹಾಕಿ ಹೇಳಬೇಕು. ಇದನ್ನು ಕೇಳಿದವರು ನಾನು ದಿನವಿಡೀ ದೊಡ್ಡ ದೊಡ್ಡ ಸೂತ್ರಗಳ ಜೊತೆ ಗುದ್ದಾಡುತ್ತೇನೆ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಕೂಡುವುದು, ಕಳೆಯುವುದು, ಐದು ವರ್ಷದ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸುವುದು, ಇದನ್ನೆಲ್ಲ ಎಕ್ಸೆಲ್ ಮಾಡಿಕೊಡುತ್ತೆ. ಜಗಳ ನಡೆಯುವುದು ಅದಕ್ಕೂ ಮುಂಚೆ: ಯಾವ ಸಾಲು ಶೀಟಿನ ಒಳಗಿರಬೇಕು, ಯಾವುದು ಹೊರಗೆ ಅನ್ನುವುದರ ಮೇಲೆ. ನಾನು ನೋಡಿದ ಮಟ್ಟಿಗೆ ಒಳ್ಳೆ ಪ್ರಾಜೆಕ್ಟುಗಳು ಸಾಯುವುದೂ, ಕೆಟ್ಟ ಪ್ರಾಜೆಕ್ಟುಗಳು ಪಾಸಾಗುವುದೂ ಅಲ್ಲೇ.

ಆಫೀಸಿನ ಉದಾಹರಣೆ ಕೊಡುವ ಹಾಗಿಲ್ಲ. ಕೊಟ್ಟರೂ ಓದುವವರಿಗೆ ನಿದ್ದೆ ಬರುತ್ತೆ. ನಮ್ಮ ಚಿಕ್ಕಪ್ಪನ ಫ್ಯಾಕ್ಟರಿಯ ಕಥೆ ಹೇಳ್ತೀನಿ.

ಚಿಕ್ಕಪ್ಪನದು ಮೈಸೂರಿನ ಹೊರಗೆ ಕುರುಕು ತಿಂಡಿಯ ಫ್ಯಾಕ್ಟರಿ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು. ವರ್ಷಕ್ಕೆ ಸುಮಾರು 1.8 ಕೋಟಿ ವ್ಯಾಪಾರ. ಅವರ ಮಗಳು, ನನ್ನ ತಂಗಿ, ಓದು ಮುಗಿಸಿ ಅಲ್ಲೇ ಸೇರಿಕೊಂಡವಳು. ಅವಳಿಗೆ ರಾಗಿ ಬಿಸ್ಕತ್ತಿನ ಲೈನು ಶುರು ಮಾಡುವ ಆಸೆ. ಒಂದೂವರೆ ವರ್ಷ ಅದರ ಹಿಂದೆ ಓಡಾಡಿದ್ದಾಳೆ. ಅಂಗಡಿಗಳಲ್ಲಿ ಸರ್ವೆ, ಪ್ಯಾಕೆಟ್ ಡಿಸೈನ್, ಲ್ಯಾಬ್ ಟೆಸ್ಟು, ಇಪ್ಪತ್ತು ಥರದ ಸ್ಯಾಂಪಲ್, ಜೊತೆಗೆ ಟ್ರಯಲ್‌ಗೆ ಅಂತ ಕೊಂಡ ಹಿಟ್ಟು ನಾದುವ ಮಷಿನ್. ಎಲ್ಲ ಸೇರಿ 8 ಲಕ್ಷ. ಆಮೇಲೆ ಆಡಿಟರ್ ಒಂದು ಶೀಟ್ ಮಾಡಿಕೊಟ್ಟರು. ಅದರ ಕೊನೆಯ ಸಾಲಿನಲ್ಲಿ ಮೈನಸ್ 6.9 ಲಕ್ಷ ಅಂತಿತ್ತು. ಚಿಕ್ಕಪ್ಪ ಅದನ್ನು ನೋಡಿ, "ಆಯ್ತು, ಬಿಡಮ್ಮ. ಕಲಿತ ಹಾಗಾಯ್ತು ಅಂದ್ಕೋ" ಅಂದರಂತೆ. ತಂಗಿ ಆ ಶೀಟನ್ನು ನನಗೆ ಕಳಿಸಿದಳು, ಜೊತೆಗೆ ತಾನೇ ಮಾಡಿದ ಇನ್ನೊಂದನ್ನೂ. ಅವಳ ಶೀಟಿನಲ್ಲಿ ಪ್ಲಸ್ 21.7 ಲಕ್ಷ ಬಂದಿತ್ತು. "ಅಕ್ಕ, ಇಬ್ಬರಲ್ಲಿ ಯಾರು ಸರಿ ಹೇಳು" ಅಂತ ಮೆಸೇಜು.

ಅದೇ ಓವನ್, ಅದೇ ರಾಗಿ, ಅದೇ ಬೆಲೆ. ವ್ಯತ್ಯಾಸ ಮಾತ್ರ 28 ಲಕ್ಷಕ್ಕೂ ಮೇಲೆ!

ಇಬ್ಬರೂ ಒಪ್ಪಿಕೊಂಡಿದ್ದ ವಿಷಯಗಳನ್ನು ಮೊದಲು ಹೇಳಿಬಿಡುತ್ತೇನೆ. ಓವನ್, ಪ್ಯಾಕಿಂಗ್ ಮಷಿನ್ ಎಲ್ಲ ಸೇರಿ ಹೊಸ ಯಂತ್ರಗಳಿಗೆ 31 ಲಕ್ಷ. ದಾಸ್ತಾನು ಮತ್ತು ಅಂಗಡಿಗಳಿಗೆ ಕೊಡುವ ಉದ್ರಿಗೆ ಅಂತ 4 ಲಕ್ಷ ಕೈಯಲ್ಲಿ ಇಟ್ಟುಕೊಳ್ಳಬೇಕು, ಐದು ವರ್ಷದ ಕೊನೆಗೆ ಅದು ವಾಪಸ್ ಬರುತ್ತೆ. ಆಗ ಯಂತ್ರ ಮಾರಿದರೆ 6 ಲಕ್ಷ. ಜಿಎಸ್‌ಟಿ ಬಿಟ್ಟು ವರ್ಷಕ್ಕೆ 60 ಲಕ್ಷ ವ್ಯಾಪಾರ. ರಾಗಿ, ಬೆಣ್ಣೆ, ಬೆಲ್ಲ, ಗ್ಯಾಸ್, ಕೂಲಿ, ಪ್ಯಾಕೆಟ್, ಸಾಗಣೆ ಸೇರಿ 45 ಲಕ್ಷ ಖರ್ಚು. ಅಂದರೆ ವರ್ಷಕ್ಕೆ 15 ಲಕ್ಷ ಉಳಿಯಬೇಕು. ಮುಂದೆ ಬರುವ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸಲು ಇಬ್ಬರೂ ಶೇಕಡಾ 14 ಹಿಡಿದಿದ್ದರು. ಆ ದರದಲ್ಲಿ, ಐದು ವರ್ಷ ಪ್ರತಿ ವರ್ಷದ ಕೊನೆಗೆ ಬರುವ ಒಂದೊಂದು ಲಕ್ಷದ ಇವತ್ತಿನ ಬೆಲೆ ಸುಮಾರು 3.43 ಲಕ್ಷ. ಐದನೇ ವರ್ಷದ ಕೊನೆಗೆ ಒಂದೇ ಸಲ ಬರುವ ಒಂದು ಲಕ್ಷಕ್ಕೆ ಇವತ್ತು ಸುಮಾರು 52 ಸಾವಿರ. ಈ ಎರಡು ಅಂಕಿ ನೆನಪಿದ್ದರೆ ಮುಂದಿನದನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ನೋಡಬಹುದು. ತೆರಿಗೆಯನ್ನು ಇಲ್ಲಿ ಬದಿಗಿಟ್ಟಿದ್ದೇನೆ. ಸಾಲದ ಬಡ್ಡಿಯನ್ನೂ ಬೇರೆಯಾಗಿ ಕಳೆಯುವ ಹಾಗಿಲ್ಲ, ಯಾಕೆಂದರೆ ದುಡ್ಡಿನ ಬೆಲೆ ಆ 14ರೊಳಗೇ ಇದೆ.

ಆಡಿಟರ್ ಶೀಟಿನ ಮೊದಲ ಸಾಲಲ್ಲೇ ಆ 8 ಲಕ್ಷ ಕೂತಿತ್ತು. ಸರ್ವೆ, ಸ್ಯಾಂಪಲ್, ಡಿಸೈನ್, ಎಲ್ಲ "ಪ್ರಾಜೆಕ್ಟ್ ಖರ್ಚು" ಅಂತ. ಮೇಲ್ನೋಟಕ್ಕೆ ನ್ಯಾಯವೇ. ಬಿಸ್ಕತ್ತಿಗೆ ಅಂತ ತಾನೇ ಖರ್ಚು ಮಾಡಿದ್ದು?

ಸಂಕ್ ಕಾಸ್ಟ್ ಅಂದ ಕೂಡಲೇ ನಮಗೆ ನೆನಪಾಗುವುದು ಇದರ ಉಲ್ಟಾ ಕಥೆ. ಟಿಕೆಟ್ ತಗೊಂಡಿದೀವಿ ಅಂತ ಕೆಟ್ಟ ಸಿನಿಮಾ ಪೂರ್ತಿ ನೋಡೋದು. ಅಥವಾ ಪಾಠದ ಪುಸ್ತಕಗಳ ಕಾಂಕಾರ್ಡ್ ವಿಮಾನ: ಬ್ರಿಟನ್ ಮತ್ತು ಫ್ರಾನ್ಸ್ 1962ರಲ್ಲಿ ಒಪ್ಪಂದ ಮಾಡಿಕೊಂಡು ಶುರು ಮಾಡಿದ್ದು, ಖರ್ಚು ಏರುತ್ತಾ ಹೋದರೂ ನಿಲ್ಲಿಸಲಿಲ್ಲ. 1976ರಲ್ಲಿ ಪ್ರಯಾಣಿಕರ ಹಾರಾಟ ಶುರುವಾಯಿತು, ಕಡೆಗೆ ವಿಮಾನಯಾನ ಕಂಪನಿಗಳಲ್ಲಿ ಹಾರಿದ್ದು 14 ವಿಮಾನ ಮಾತ್ರ. ಇಷ್ಟೊಂದು ಹಾಕಿದ್ದೀವಿ, ಈಗ ಬಿಡೋದು ಹೇಗೆ ಅನ್ನುವ ಮನಸ್ಸಿಗೆ ಆ ವಿಮಾನದ ಹೆಸರೇ ಅಂಟಿಕೊಂಡಿದೆ. ಆದರೆ ಅಂಕಿಅಂಶದ ಶೀಟುಗಳಲ್ಲಿ ನಾನು ಹೆಚ್ಚಾಗಿ ನೋಡುವುದು ಇನ್ನೊಂದು ಮುಖವನ್ನ. ಹೋದ ದುಡ್ಡನ್ನು ಹೊಸ ಪ್ರಾಜೆಕ್ಟಿನ ತಲೆ ಮೇಲೆ ಹೊರಿಸಿ, ನೋಡಿ ಇದು ಎದ್ದೇಳುತ್ತಿಲ್ಲ ಅನ್ನುವುದು. ಕಾಂಕಾರ್ಡಿನಲ್ಲಿ ಹೋದ ದುಡ್ಡು ಯೋಜನೆಯನ್ನು ಬದುಕಿಸಿತು, ಇಲ್ಲಿ ಅದೇ ಕೊಲ್ಲುತ್ತಿತ್ತು.

ನಾನು ಚಿಕ್ಕಪ್ಪನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. "ಚಿಕ್ಕಪ್ಪ, ನಾಳೆ ಬೆಳಗ್ಗೆ ನೀವು ಬಿಸ್ಕತ್ತು ಬೇಡ ಅಂತ ಬರೆದು ಸಹಿ ಹಾಕಿದ್ರೆ ಆ ಎಂಟು ಲಕ್ಷದಲ್ಲಿ ಎಷ್ಟು ವಾಪಸ್ ಬರುತ್ತೆ?"

"ಎಲ್ಲಿ ಬರುತ್ತಮ್ಮ? ಎಲ್ಲ ಮುಳುಗಿಹೋಗಿದೆ."

"ಹಾಗಾದ್ರೆ ಮಾಡಿದ್ರೂ ಮುಳುಗಿದೆ, ಬಿಟ್ಟರೂ ಮುಳುಗಿದೆ. ಮಾಡಬೇಕಾ ಬೇಡವಾ ಅನ್ನೋ ಲೆಕ್ಕದಲ್ಲಿ ಅದಕ್ಕೇನು ಕೆಲಸ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ನಾದೋ ಮಷಿನ್ ಮಾತ್ರ ಮಾರಿದ್ರೆ ಒಂದು ಲಕ್ಷ ಬರಬಹುದು ನೋಡು" ಅಂದರು.

ವಿಷಯ ಇರುವುದೇ ಇಲ್ಲಿ. ಮುಳುಗಿದ ದುಡ್ಡು ಅಂದರೆ ಹಿಂದೆ ಕೊಟ್ಟ ದುಡ್ಡು ಅಂತಲ್ಲ. ಈಗಿನ ನಿರ್ಧಾರ ಹೇಗಿದ್ದರೂ ಬದಲಾಗದ ದುಡ್ಡು. ಆ ಮಷಿನ್‌ಗೆ ಕೊಟ್ಟಿದ್ದು 1.6 ಲಕ್ಷ, ಅದು ಹೋಯಿತು. ಆದರೆ ಇವತ್ತು ಮಾರಿದರೆ ಬರುವ 1 ಲಕ್ಷ ಹೋಗಿಲ್ಲ. ಬಿಸ್ಕತ್ತು ಮಾಡುವುದಾದರೆ ಮಷಿನ್ ಇಟ್ಟುಕೊಳ್ಳಬೇಕು, ಆ 1 ಲಕ್ಷ ಬರುವುದಿಲ್ಲ. ಹಾಗಾಗಿ ಅದು ಬಿಸ್ಕತ್ತಿನ ಖರ್ಚು. ತಂಗಿ 8 ಲಕ್ಷವನ್ನೂ ಪೂರ್ತಿ ತೆಗೆದುಹಾಕಿದ್ದಳು. ಆಡಿಟರ್ ಪೂರ್ತಿ ಸೇರಿಸಿದ್ದರು. ಒಳಗಿರಬೇಕಾದದ್ದು 1 ಲಕ್ಷ.

ಇನ್ನೊಂದು ತಮಾಷೆ ಇತ್ತು. ಆ 8 ಲಕ್ಷದಲ್ಲಿ ಡಿಸೈನ್ ಮಾಡಿದವರಿಗೆ 70 ಸಾವಿರ ಇನ್ನೂ ಕೊಟ್ಟಿರಲಿಲ್ಲ. "ಇದು ಮುಂದೆ ಕೊಡೋದು ಅಲ್ವಾ ಅಕ್ಕ, ಇದನ್ನಾದರೂ ಸೇರಿಸಬೇಕು ತಾನೇ?" ಅಂತ ತಂಗಿ ಕೇಳಿದಳು. ಕೆಲಸ ಮುಗಿಸಿ ಬಿಲ್ ಕೊಟ್ಟಾಗಿದೆ. ಬಿಸ್ಕತ್ತು ಮಾಡಲಿ ಬಿಡಲಿ ಆ 70 ಸಾವಿರ ಕೊಡಲೇಬೇಕು. ಕೈಯಿಂದ ಇನ್ನೂ ಹೋಗದಿದ್ದರೂ ಲೆಕ್ಕದ ಮಟ್ಟಿಗೆ ಅದು ಹೋದ ದುಡ್ಡೇ. ಕೊಟ್ಟ ತಾರೀಕು ನೋಡಿ ಗೆರೆ ಎಳೆಯುವವರು ಎಡವುವುದು ಇಂಥ ಕಡೆ.

ಎರಡನೇ ಜಗಳ ಓವರ್‌ಹೆಡ್‌ದು. ಫ್ಯಾಕ್ಟರಿಗೆ ಅಂತ ಒಂದು ಆಫೀಸಿದೆ. ಮ್ಯಾನೇಜರ್ ಸಂಬಳ, ಅಕೌಂಟೆಂಟ್, ವಾಚ್‌ಮನ್, ಫೋನು, ಕಾರಿನ ಪೆಟ್ರೋಲು, ಆಡಿಟರ್ ಫೀಸು, ಎಲ್ಲ ಸೇರಿ ವರ್ಷಕ್ಕೆ 24 ಲಕ್ಷ. ಈಗಿನ 1.8 ಕೋಟಿ ವ್ಯಾಪಾರಕ್ಕೆ ಬಿಸ್ಕತ್ತಿನ 60 ಲಕ್ಷ ಸೇರಿದರೆ 2.4 ಕೋಟಿ. 24 ಲಕ್ಷವನ್ನು ಅದರ ಮೇಲೆ ಹಂಚಿದರೆ ಶೇಕಡಾ 10. ಹಾಗಾಗಿ ಬಿಸ್ಕತ್ತಿನ ಪಾಲಿಗೆ ವರ್ಷಕ್ಕೆ 6 ಲಕ್ಷ ಅಂತ ಆಡಿಟರ್ ಬರೆದಿದ್ದರು.

ಆ 6 ಲಕ್ಷ ಯಾರ ಕೈಗೆ ಹೋಗುತ್ತೆ ಅಂತ ಕೇಳಿ ನೋಡಿ. ಯಾರ ಕೈಗೂ ಇಲ್ಲ. ವಾಚ್‌ಮನ್‌ಗೆ ಸಂಬಳ ಜಾಸ್ತಿಯಾಗಲ್ಲ. ಮ್ಯಾನೇಜರ್ ಕಾರು ಎಷ್ಟು ಓಡುತ್ತೋ ಅಷ್ಟೇ ಓಡುತ್ತೆ. ಇಡೀ ಫ್ಯಾಕ್ಟರಿಯ ಆಫೀಸ್ ಖರ್ಚು ಮೊದಲೂ 24, ಆಮೇಲೂ 24. ಬಿಸ್ಕತ್ತಿನ ಹೆಸರಲ್ಲಿ 6 ಬರೆದ ದಿನ ಚಕ್ಕುಲಿ ಕೋಡುಬಳೆಗಳ ಹೆಸರಲ್ಲಿದ್ದ 24 ಇಳಿದು 18 ಆಗುತ್ತೆ. ಶೀಟಿನಲ್ಲಿ ಬಿಸ್ಕತ್ತಿಗೆ ಬಿದ್ದ ಹೊರೆ ಇದೆ, ಚಕ್ಕುಲಿಗೆ ಆದ ಹಗುರ ಇಲ್ಲ. ಒಂದು ಮನೆಗೆ ಹೊಸ ಸೊಸೆ ಬಂದಳು ಅಂತ ಮನೆ ಬಾಡಿಗೆ ಹೆಚ್ಚಾಗದು. ತಲೆಗೆ ಇಷ್ಟು ಅಂತ ಭಾಗ ಹಾಕಿದರೆ ಉಳಿದವರ ಪಾಲು ಇಳಿಯುತ್ತೆ, ಅಷ್ಟೇ.

ಆಡಿಟರ್ ಸರ್ ಜೊತೆ ಮಾತಾಡಿದೆ. ಮೂವತ್ತು ವರ್ಷದ ಅನುಭವ ಇರುವವರು, ಅವರೇನು ಇದು ಗೊತ್ತಿಲ್ಲದವರಲ್ಲ. "ನೋಡಮ್ಮ, ಎಲ್ಲ ಐಟಮ್ಮೂ ಆಫೀಸ್ ಖರ್ಚು ನನಗೆ ಬೇಡ ಅಂದ್ರೆ ಆಫೀಸ್ ನಡೆಸೋದು ಯಾರು?" ಅಂದರು. ಒಳ್ಳೆ ಪ್ರಶ್ನೆ. ವರ್ಷದ ಕೊನೆಗೆ ಯಾವ ಐಟಮ್ಮಿನ ಬೆಲೆ ಎಷ್ಟಿರಬೇಕು ಅಂತ ನೋಡುವಾಗ ಆಫೀಸ್ ಖರ್ಚು ಹಂಚಲೇಬೇಕು. ಎಲ್ಲ ತಿಂಡಿಗಳೂ ಸೇರಿ ಆ 24 ಲಕ್ಷ ದುಡಿಯದಿದ್ದರೆ ಫ್ಯಾಕ್ಟರಿ ಮುಚ್ಚುತ್ತೆ. ಅವರ ಶೀಟು ಆ ಪ್ರಶ್ನೆಗೆ ಬರೆದ ಉತ್ತರ. ಆದರೆ ಚಿಕ್ಕಪ್ಪನ ಮುಂದಿದ್ದ ಪ್ರಶ್ನೆ ಬೇರೆ: ಬಿಸ್ಕತ್ತು ಇದ್ದರೆ ಫ್ಯಾಕ್ಟರಿಯ ಒಟ್ಟು ದುಡ್ಡು ಎಷ್ಟು, ಇಲ್ಲದಿದ್ದರೆ ಎಷ್ಟು. ವರ್ಷಕ್ಕೆ 6 ಲಕ್ಷ ಅಂದರೆ ಐದು ವರ್ಷಕ್ಕೆ ಇವತ್ತಿನ ಬೆಲೆಯಲ್ಲಿ 20 ಲಕ್ಷಕ್ಕೂ ಹೆಚ್ಚು. ಇಲ್ಲದ ಖರ್ಚಿನ ಹೆಸರಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಒಂದು ಪ್ರಾಜೆಕ್ಟಿನ ಮೇಲೆ ಹೊರಿಸಿದರೆ ಅದು ಬಗ್ಗದೆ ಇನ್ನೇನಾಗುತ್ತೆ?

ಹಾಗಂತ ತಂಗಿ ಮಾಡಿದ ಹಾಗೆ ಸೊನ್ನೆ ಬರೆಯುವುದೂ ಸರಿಯಲ್ಲ. ಓವರ್‌ಹೆಡ್ ಅಂತ ಹೆಸರಿದ್ದ ಮಾತ್ರಕ್ಕೆ ಅದು ಒಂದಿಷ್ಟೂ ಹೆಚ್ಚಾಗದು ಅಂತಲ್ಲ. ನಾವಿಬ್ಬರೂ ಒಂದು ಭಾನುವಾರ ವಿಡಿಯೋ ಕಾಲಿನಲ್ಲಿ ಕೂತು ಲೆಡ್ಜರನ್ನು ತಲೆಬರಹ ತಲೆಬರಹವಾಗಿ ಓದಿದೆವು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಬಿಸ್ಕತ್ತು ಬಂದರೆ ಈ ಬಿಲ್ಲಿನ ಮೊತ್ತ ಬದಲಾಗುತ್ತಾ? ಫೋನ್, ಇಲ್ಲ. ವಾಚ್‌ಮನ್, ಇಲ್ಲ. ಆಡಿಟ್ ಫೀಸು, ಇಲ್ಲ ಅಂತ ಅವರೇ ಹೇಳಿದರು. ಕರೆಂಟಿನ ಹತ್ತಿರ ನಿಂತೆವು. ಉರಿಸಿದ ಯೂನಿಟ್ಟಿನ ದುಡ್ಡು ಆಗಲೇ 45 ಲಕ್ಷದೊಳಗಿದೆ. ಆದರೆ ಹೊಸ ಯಂತ್ರಗಳಿಗೆ ಮಂಜೂರಾದ ಲೋಡ್ ಸಾಲದು, ಅದನ್ನು ಹೆಚ್ಚಿಸಿದರೆ ಉರಿಸಲಿ ಬಿಡಲಿ ತಿಂಗಳ ಫಿಕ್ಸೆಡ್ ಚಾರ್ಜ್ ಏರುತ್ತೆ. ನಮ್ಮ ಅಂದಾಜಿಗೆ ವರ್ಷಕ್ಕೆ 36 ಸಾವಿರ. ಹೊಸ ಯಂತ್ರಗಳ ವಿಮೆ 24 ಸಾವಿರ. ಅಕೌಂಟೆಂಟ್‌ಗೆ ಈಗಲೇ ಕೈ ತುಂಬ ಕೆಲಸ, ಬಿಲ್ ಹಾಕಲು ಅರ್ಧ ದಿನಕ್ಕೆ ಒಬ್ಬರು ಬೇಕು, ತಿಂಗಳಿಗೆ 5 ಸಾವಿರದ ಹಾಗೆ 60 ಸಾವಿರ. ಒಟ್ಟು 1.2 ಲಕ್ಷ. ಆರೂ ಅಲ್ಲ, ಸೊನ್ನೆಯೂ ಅಲ್ಲ.

ಈ ಲೆಕ್ಕಕ್ಕೂ ಒಂದು ಮಿತಿ ಇದೆ, ಅದನ್ನು ಆಡಿಟರ್ ಮಾತಿನಿಂದಲೇ ತೆಗೆದುಕೊಳ್ಳಬೇಕು. ಇವತ್ತು ಬಿಸ್ಕತ್ತು, ಮುಂದಿನ ವರ್ಷ ರಾಗಿ ಹುರಿಹಿಟ್ಟು, ಅದರಾಚೆ ವರ್ಷ ಇನ್ನೇನೋ. ಪ್ರತಿಯೊಂದೂ ಆಫೀಸಲ್ಲಿ ಜಾಗ ಇದೆಯಲ್ಲ ಅಂತ ಪುಕ್ಕಟೆ ಹತ್ತಿಕೊಂಡರೆ ಒಂದು ದಿನ ಎರಡನೇ ಮ್ಯಾನೇಜರ್ ಬೇಕಾಗುತ್ತೆ. ಆವತ್ತಿನ ಪೂರ್ತಿ ಖರ್ಚು ಕೊನೆಗೆ ಹತ್ತಿದವನ ತಲೆ ಮೇಲೆ. ಒಂದೇ ಪ್ರಾಜೆಕ್ಟನ್ನು ನೋಡುವಾಗ ಹೆಚ್ಚಾಗದ ಖರ್ಚು ಐದು ಪ್ರಾಜೆಕ್ಟನ್ನು ಒಟ್ಟಿಗೆ ನೋಡಿದಾಗ ಹೆಚ್ಚಾಗಬಹುದು. ತಂಗಿಯ ತಲೆಯಲ್ಲಿ ಸದ್ಯಕ್ಕೆ ಬಿಸ್ಕತ್ತು ಒಂದೇ ಇದೆ ಅಂತ ಖಾತ್ರಿ ಮಾಡಿಕೊಂಡೇ ಮುಂದೆ ಹೋದೆ.

ಇಷ್ಟರ ಹೊತ್ತಿಗೆ ಅವಳಿಗೆ ಗೆದ್ದ ಖುಷಿ. ಆಡಿಟರ್ ಸೇರಿಸಿದ ಎರಡು ದೊಡ್ಡ ಸಾಲುಗಳೂ ಬಹುಪಾಲು ಹೊರಗೆ ಬಿದ್ದಿದ್ದವು. ಆಗ ನಾನು, "ಓವನ್ ಎಲ್ಲಿಡ್ತೀಯ?" ಅಂತ ಕೇಳಿದೆ.

"ಹಿಂದಿನ ಶೆಡ್ಡಲ್ಲಿ. ಅದು ನಮ್ಮದೇ ಅಲ್ವಾ, ಖರ್ಚೇನಿಲ್ಲ."

"ಈಗ ಅಲ್ಲಿ ಏನಿದೆ?"

"ಪೈಪ್ ಅಂಗಡಿಯವರಿಗೆ ಗೋಡೌನ್ ಅಂತ ಕೊಟ್ಟಿದೀವಿ. ಮೂವತ್ತು ಸಾವಿರ ಬಾಡಿಗೆ. ಅವರಿಗೆ ಬಿಡೋಕೆ ಹೇಳಿದ್ರಾಯ್ತು."

ಎರಡೂ ಶೀಟಿನಲ್ಲಿ ಈ ಮೂವತ್ತು ಸಾವಿರ ಇರಲೇ ಇಲ್ಲ. ಆಡಿಟರ್ ಶೀಟಿನಲ್ಲಿ ಯಾಕಿಲ್ಲ ಅಂದರೆ, ಬಾಡಿಗೆ ನಿಂತುಹೋಗುವುದಕ್ಕೆ ಯಾರೂ ಬಿಲ್ ಕೊಡುವುದಿಲ್ಲ. ವೋಚರ್ ಇಲ್ಲದ ಖರ್ಚು ಪುಸ್ತಕದ ಕಣ್ಣಿಗೆ ಬೀಳಲ್ಲ. ಕೊಡುವ ದುಡ್ಡು ಕಾಣುತ್ತೆ, ಬಾರದ ದುಡ್ಡು ಕಾಣಲ್ಲ. ಆದರೆ ಫ್ಯಾಕ್ಟರಿಯ ಬ್ಯಾಂಕ್ ಖಾತೆಗೆ ಎರಡೂ ಒಂದೇ. ಬಿಸ್ಕತ್ತು ಇಲ್ಲದಿದ್ದರೆ ತಿಂಗಳಿಗೆ 30 ಸಾವಿರ ಬರುತ್ತಿತ್ತು, ಇದ್ದರೆ ಬರಲ್ಲ. ವರ್ಷಕ್ಕೆ 3.6 ಲಕ್ಷ. ಶೆಡ್ ಸ್ವಂತದ್ದು ಅನ್ನುವುದರಿಂದ ಏನೂ ಬದಲಾಗುವುದಿಲ್ಲ. ಕಟ್ಟಿಸಿದಾಗ ಎಷ್ಟು ಖರ್ಚಾಗಿತ್ತು ಅನ್ನುವುದೂ ಬೇಡ, ಅದು ಎಂದೋ ಮುಳುಗಿದ ದುಡ್ಡು. ಈಗ ಅದನ್ನು ಬೇರೆ ಯಾವುದಕ್ಕೆ ಕೊಟ್ಟರೆ ಎಷ್ಟು ಸಿಗುತ್ತೆ ಅನ್ನುವುದೊಂದೇ ಪ್ರಶ್ನೆ. ಶೆಡ್ ಖಾಲಿ ಬಿದ್ದಿದ್ದು, ಕೇಳುವವರೂ ಇಲ್ಲದಿದ್ದರೆ ಆಗ ನಿಜವಾಗಿಯೂ ಸೊನ್ನೆ ಬರೆಯಬಹುದಿತ್ತು. (ಡೆಪಾಸಿಟ್ ಎರಡೇ ತಿಂಗಳದ್ದಾದ್ದರಿಂದ ಅದನ್ನು ಬಿಟ್ಟೆ. ಬೆಂಗಳೂರಿನ ಥರ ಹತ್ತು ತಿಂಗಳದ್ದಾಗಿದ್ದರೆ ವಾಪಸ್ ಕೊಡುವ 3 ಲಕ್ಷವೂ ಮೊದಲ ದಿನದ ಖರ್ಚಿಗೆ ಸೇರುತ್ತಿತ್ತು.)

ಈಗ ಲೆಕ್ಕ ಕೂಡಿಸೋಣ. ಮೊದಲ ದಿನ: ಯಂತ್ರ 31, ಕೈಯಲ್ಲಿಡುವ ದುಡ್ಡು 4, ಮಾರದೆ ಇಟ್ಟುಕೊಂಡ ನಾದುವ ಮಷಿನ್ 1, ಒಟ್ಟು 36 ಲಕ್ಷ. ಪ್ರತಿ ವರ್ಷ: 15ರಲ್ಲಿ ಹೆಚ್ಚಾಗುವ ಆಫೀಸ್ ಖರ್ಚು 1.2 ಕಳೆದು, ಬಾರದ ಬಾಡಿಗೆ 3.6 ಕಳೆದರೆ 10.2 ಲಕ್ಷ. ಐದು ವರ್ಷದ ಇವತ್ತಿನ ಬೆಲೆ ಸುಮಾರು 35 ಲಕ್ಷ. ಕೊನೆಗೆ ಬರುವ 10 ಲಕ್ಷದ ಇವತ್ತಿನ ಬೆಲೆ 5.2 ಲಕ್ಷ. ಒಟ್ಟು 40.2, ಅದರಲ್ಲಿ 36 ಹೋದರೆ 4.2 ಲಕ್ಷ ಪ್ಲಸ್.

ಆಡಿಟರ್‌ದು ಮೈನಸ್ 6.9, ತಂಗಿಯದು ಪ್ಲಸ್ 21.7, ಇದು 4.2. ಅವಳ ಮುಖ ಸ್ವಲ್ಪ ಸಪ್ಪಗಾಯಿತು. "ಇಷ್ಟೇನಾ?" ಅಂದಳು. ನಿಜ ಹೇಳಬೇಕೆಂದರೆ ನನಗೆ ಅದಕ್ಕಿಂತ ಹೆಚ್ಚು ತಲೆಕೆಡಿಸಿದ್ದು ಆ 4.2 ಎಷ್ಟು ತೆಳು ಅನ್ನುವುದು. ವರ್ಷದ ದುಡ್ಡಿನಲ್ಲಿ 1.2 ಲಕ್ಷ ಕಮ್ಮಿಯಾದರೆ ಮುಗೀತು, ಸೊನ್ನೆ. 60 ಲಕ್ಷದ ವ್ಯಾಪಾರದಲ್ಲಿ 1.2 ಲಕ್ಷ ಅಂದರೆ ಶೇಕಡಾ 2. ರಾಗಿ ಬಿಸ್ಕತ್ತು ತಗೊಂಡ ಅಂಗಡಿಯವರು ಅದೇ ಕೈಯಲ್ಲಿ ನಿಪ್ಪಟ್ಟಿನ ಆರ್ಡರ್ ಒಂದಿಷ್ಟು ಇಳಿಸಿದರೆ, ನಿಪ್ಪಟ್ಟಿನಲ್ಲಿ ಹೋಗುವ ಲಾಭವೂ ಬಿಸ್ಕತ್ತಿನ ಖರ್ಚೇ. ಅದು ಎಷ್ಟು ಅಂತ ಸರ್ವೆಯಲ್ಲಿ ಯಾರೂ ಕೇಳಿರಲಿಲ್ಲ.

ಮಾರನೇ ದಿನ ಚಿಕ್ಕಪ್ಪ ಇನ್ನೊಂದು ಬಾಂಬ್ ಹಾಕಿದರು. ಪೈಪ್ ಅಂಗಡಿಯವರು ಹಳೆಯ ಪರಿಚಯ, ಬಾಡಿಗೆ ಏರಿಸಿ ವರ್ಷಗಳಾಗಿದೆ. ಪಕ್ಕದ ಶೆಡ್ ಅದೇ ಅಳತೆಯದು, ಅದಕ್ಕೆ ಈಗ 40 ಸಾವಿರ. ಒಬ್ಬರು ಕೊರಿಯರ್‌ನವರು ಚಿಕ್ಕಪ್ಪನನ್ನೂ ಬಂದು ಕೇಳಿ ಹೋಗಿದ್ದರಂತೆ.

ಈಗ ಬರುತ್ತಿರುವ ಬಾಡಿಗೆಯನ್ನೇ ಬರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಬಿಟ್ಟುಕೊಡುತ್ತಿರುವುದು ಏನು ಅನ್ನುವುದು ಈಗ ಎಷ್ಟು ಬರುತ್ತಿದೆ ಅನ್ನುವುದರ ಮೇಲೆ ನಿಂತಿಲ್ಲ, ಬಿಸ್ಕತ್ತು ಇಲ್ಲದಿದ್ದರೆ ಚಿಕ್ಕಪ್ಪ ನಿಜವಾಗಿ ಏನು ಮಾಡುತ್ತಿದ್ದರು ಅನ್ನುವುದರ ಮೇಲೆ ನಿಂತಿದೆ. "ಚಿಕ್ಕಪ್ಪ, ಬಿಸ್ಕತ್ತು ಬೇಡ ಅಂತಾದ್ರೆ ಪೈಪಿನವರನ್ನ ಬಿಡಿಸಿ ಕೊರಿಯರ್‌ನವರಿಗೆ ಕೊಡ್ತೀರಾ? ಸುಮ್ನೆ ಹೇಳಬೇಡಿ, ಯೋಚನೆ ಮಾಡಿ ಹೇಳಿ" ಅಂದೆ. ಹಳೆಯ ಸ್ನೇಹಕ್ಕೆ 30ರಲ್ಲೇ ಇಟ್ಟುಕೊಳ್ಳುತ್ತೀನಿ ಅಂದರೆ 30 ಬರೆಯಬೇಕು. ಇಲ್ಲ ಅಂದರೆ 40. "ಈ ಸಲ ಅಗ್ರಿಮೆಂಟ್ ಮುಗಿದ ಮೇಲೆ ಏರಿಸೋದೇ ಅಂತಿದ್ದೆ. ಅವರು ಒಪ್ತಾರೆ" ಅಂದರು. 40 ಸಾವಿರ ಬರೆದೆ. ವರ್ಷಕ್ಕೆ 4.8 ಲಕ್ಷ. ಪ್ರತಿ ವರ್ಷ ಉಳಿಯುವುದು 10.2 ಹೋಗಿ 9 ಲಕ್ಷವಾಯಿತು. ಕೊನೆಯ ಸಾಲು: ಪ್ಲಸ್ 9 ಸಾವಿರ ರೂಪಾಯಿ. ಲಕ್ಷ ಅಲ್ಲ, ಸಾವಿರ.

ಒಂದು ವಿಚಿತ್ರ ಗಮನಿಸಿ. ಆಡಿಟರ್ ಶೀಟಿನಲ್ಲೂ ವರ್ಷಕ್ಕೆ ಉಳಿಯುವುದು 9 ಲಕ್ಷವೇ ಇತ್ತು. ಅವರು ಇಲ್ಲದ 6 ಲಕ್ಷ ಕಳೆದಿದ್ದರು. ನಾವು ಇರುವ 1.2 ಮತ್ತು 4.8 ಕಳೆದೆವು. ಮೊತ್ತ ಒಂದೇ. ಹಾಗಾದರೆ ಇಷ್ಟೆಲ್ಲ ಒದ್ದಾಡಿದ್ದು ಯಾಕೆ? ಅವರ ಆರರ ಮೇಲೆ ಯಾರೂ ಏನೂ ಮಾಡುವ ಹಾಗಿರಲಿಲ್ಲ, ಅದು ಬರೀ ಭಾಗಾಕಾರ. ನಮ್ಮ 4.8 ಒಂದು ಜಾಗದ ಬೆಲೆ. ಜಾಗವಾದರೆ ಅಳೆಯಬಹುದು, ಬದಲಿಸಬಹುದು.

ತಂಗಿ ಟೇಪ್ ಹಿಡಿದು ಹೋದಳು. ಓವನ್, ಅದರ ಮುಂದೆ ಟ್ರಾಲಿ ತಿರುಗುವ ಜಾಗ, ತಣ್ಣಗಾಗುವ ರ‍್ಯಾಕು, ಪ್ಯಾಕಿಂಗ್ ಟೇಬಲ್ಲು. ಎಲ್ಲ ಸೇರಿದರೂ ಶೆಡ್ಡಿನ ಅರ್ಧ ಸಾಕು. ಉಳಿದರ್ಧಕ್ಕೆ ಅವಳು ಮೊದಲು ಮನಸ್ಸಿನಲ್ಲಿ ಇಟ್ಟುಕೊಂಡಿದ್ದು "ಮುಂದೆ ಬೇಕಾಗುತ್ತೆ" ಅಂತ. ಶೆಡ್ ಪುಕ್ಕಟೆ ಅಂತ ಲೆಕ್ಕದಲ್ಲಿ ಬರೆದಾಗ ಜಾಗವನ್ನು ಹೀಗೇ ಧಾರಾಳವಾಗಿ ಹರಡಿಕೊಳ್ಳುತ್ತೇವೆ. ಅರ್ಧ ಶೆಡ್ಡನ್ನು ಬಾಡಿಗೆಗೇ ಬಿಟ್ಟು ನಡುವೆ ಪೂರ್ತಿ ಗೋಡೆ ಕಟ್ಟಿ ಬೇರೆ ಬಾಗಿಲು ಇಟ್ಟರೆ ಹೇಗೆ? ತಿಂಡಿ ಮಾಡುವ ಕಡೆ ಪೈಪಿನ ಧೂಳು ಬರಬಾರದು, ಹಾಗಾಗಿ ಗೋಡೆ ಸೂರಿನವರೆಗೂ ಹೋಗಬೇಕು. ಮೇಸ್ತ್ರಿ 1.5 ಲಕ್ಷ ಅಂದರು. ಅರ್ಧಕ್ಕೆ 20 ಸಾವಿರ ಬಾಡಿಗೆ ಬಂದರೆ ಬಿಟ್ಟುಕೊಡುವುದು ತಿಂಗಳಿಗೆ 20 ಸಾವಿರ ಮಾತ್ರ, ವರ್ಷಕ್ಕೆ 2.4 ಲಕ್ಷ. ಪ್ರತಿ ವರ್ಷ ಉಳಿಯುವುದು 11.4 ಲಕ್ಷ, ಇವತ್ತಿನ ಬೆಲೆ 39.1. ಕೊನೆಯ 5.2 ಸೇರಿ 44.3. ಅದರಲ್ಲಿ 36 ಮತ್ತು ಗೋಡೆಯ 1.5 ಕಳೆದರೆ 6.8 ಲಕ್ಷ ಪ್ಲಸ್.

ಈ ಶೀಟನ್ನು ಆಡಿಟರ್‌ಗೂ ಕಳಿಸಿದೆವು. ಅವರು ಎರಡು ಮಾತು ಬರೆದರು. ಒಂದು, ತೆರಿಗೆ ಸೇರಿಸುವಾಗ ಬಾಡಿಗೆಯ ಮೇಲಿನ ತೆರಿಗೆಯನ್ನೂ ನೋಡಿ, ಬಾರದ ಬಾಡಿಗೆಗೆ ತೆರಿಗೆಯೂ ಇಲ್ಲ, ಆದ್ದರಿಂದ ಕಳೆಯಬೇಕಾದದ್ದು ತೆರಿಗೆ ಹೋಗಿ ಉಳಿಯುವ ಬಾಡಿಗೆಯನ್ನ. ಇನ್ನೊಂದು, ಮೊದಲ ವರ್ಷವೇ 60 ಲಕ್ಷ ಮಾರುತ್ತೀರಿ ಅಂತ ನಂಬಿದ್ದೀರಿ, ಆಮೇಲೆ ನನ್ನನ್ನು ಬೈಯಬೇಡಿ. ಎರಡೂ ಸರಿಯಾದ ಮಾತು. ಮೊದಲ ವರ್ಷದ ವ್ಯಾಪಾರವನ್ನು 40 ಲಕ್ಷಕ್ಕೆ ಇಳಿಸಿ, ಅದೇ ಅನುಪಾತದಲ್ಲಿ ಖರ್ಚನ್ನೂ ಇಳಿಸಿದರೆ ಆ ವರ್ಷ 5 ಲಕ್ಷ ಕಮ್ಮಿ ಬರುತ್ತೆ, ಇವತ್ತಿನ ಬೆಲೆಯಲ್ಲಿ 4.4 ಲಕ್ಷ. ಆಗಲೂ 2.4 ಲಕ್ಷ ಪ್ಲಸ್ ಉಳಿಯುತ್ತೆ. ಇಡೀ ಶೆಡ್ ತಗೊಂಡಿದ್ದರೆ ಉಳಿಯುತ್ತಿರಲಿಲ್ಲ.

ಚಿಕ್ಕಪ್ಪ ಇನ್ನೂ ಪೂರ್ತಿ ಹ್ಞೂಂ ಅಂದಿಲ್ಲ. ನಿಪ್ಪಟ್ಟು ತಗೊಳ್ಳುವ ಹತ್ತು ಅಂಗಡಿಯವರನ್ನು ತಾವೇ ಹೋಗಿ ಕೇಳಿಬರುತ್ತೇನೆ ಅಂದಿದ್ದಾರೆ, ಬಿಸ್ಕತ್ತು ಇಟ್ಟರೆ ಯಾವುದನ್ನು ಇಳಿಸುತ್ತೀರಿ ಅಂತ. ಹಾಗೇ, "ಎಂಟು ಲಕ್ಷನ ಎಲ್ಲಿ ಬರೆಯೋದಮ್ಮ?" ಅಂತ ಇನ್ನೊಂದು ಸಲ ಕೇಳಿದರು. ಅದು ಹೋದ ವರ್ಷದ ಪುಸ್ತಕದಲ್ಲಿದೆ ಚಿಕ್ಕಪ್ಪ, ಅಲ್ಲೇ ಇರಲಿ ಅಂದೆ. ಪೈಪ್ ಅಂಗಡಿಯವರು ಅರ್ಧ ಜಾಗಕ್ಕೆ 18 ಸಾವಿರದಿಂದ ಮಾತು ಶುರು ಮಾಡಿದ್ದಾರಂತೆ. ತಂಗಿ ಆ 18ನ್ನು ಶೀಟಿನಲ್ಲಿ ಹಾಕಿ ನೋಡಿ, 6 ಲಕ್ಷ ಬಂತು ಅಂತ ಸ್ಕ್ರೀನ್‌ಶಾಟ್ ಕಳಿಸಿದ್ದಾಳೆ.